ಎಡಕ್ಕೆ ಜಮಾ, ಬಲಕ್ಕೆ ನಾವೆ

ಬಿ.ಕಾಂ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಮೇಲೆ ನನಗೆ ವಿಜಯಪುರದ ಸ್ಟೇಷನ್ ರಸ್ತೆಯ ಆ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೆಳಗೆ ಕೈಗಡಿಯಾರ ರಿಪೇರಿ ಅಂಗಡಿ. ಅದರ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಒಂದರಲ್ಲಿ ಕಡತಗಳು, ಇನ್ನೊಂದರಲ್ಲಿ ನಾವು. ನಾವು ಎಂದರೆ ಸರ ಮತ್ತು ನಾನು. ಸರ ವ್ಯಾಪಾರಿಗಳ ತೆರಿಗೆ ಕಾಗದ ಮಾಡಿಕೊಡುವವರು. ಸಣ್ಣವರಿದ್ದಾಗ ಸಿದ್ಧೇಶ್ವರ ಗುಡಿ ಹತ್ತಿರದ ದಲಾಲರೊಬ್ಬರ ಅಡತಿ ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಕೀರ್ದಿ ಪುಸ್ತಕ ಬರೆಯುತ್ತ ಲೆಕ್ಕ ಕಲಿತವರು. ನಾನು ಸೇರುವ ಹೊತ್ತಿಗೆ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಬಿಳಿ ಟೊಪ್ಪಿಗೆ ತೆಗೆದು ಮೇಜಿನ ಮೂಲೆಯಲ್ಲಿ ಇಟ್ಟರೆ ಕೆಲಸ ಶುರುವಾಯಿತು ಎಂದು ಅರ್ಥ.

ನಾನು ದಿನಾ ತಿಕೋಟಾದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ದ್ರಾಕ್ಷಿ ಸುಗ್ಗಿಯಲ್ಲಿ ಆ ಬಸ್ಸಿಗೆ ಒಂದು ಹುಳಿಸಿಹಿ ವಾಸನೆ ಹತ್ತಿಕೊಳ್ಳುತ್ತಿತ್ತು. ಒಣದ್ರಾಕ್ಷಿಯ ಶೆಡ್ಡಿಗೆ ಹೋಗುವ ಹೆಂಗಸರು ಕಿಟಕಿ ಪಕ್ಕದ ಸೀಟು ನನಗೆ ಬಿಡುತ್ತಿದ್ದರು. "ಆಫೀಸಿಗೆ ಹೋಗೂ ಹುಡುಗಿ, ಸೀರಿ ಮುದ್ದಿ ಆಗಬಾರದು" ಎನ್ನುತ್ತಿದ್ದರು. ನಮ್ಮ ಕೇರಿಯಿಂದ ಆಫೀಸಿನ ಕುರ್ಚಿಗೆ ಹೋದ ಮೊದಲ ಹುಡುಗಿ ನಾನು. ಆ ಮಾತು ಕೇಳಿದಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಆಫೀಸಿಗೆ ನಾನು ತಂದ ಹೊಸದೊಂದಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟಿನ ಫೋಟೊ ಹಾಕಿದರೆ ಕಂಪ್ಯೂಟರ್ ಅದರಲ್ಲಿಯ ಅಕ್ಷರ, ಅಂಕಿಗಳನ್ನು ತಾನೇ ಓದಿ ಕೋಷ್ಟಕ ಮಾಡಿಕೊಡುವ ಒಂದು ಪ್ರೋಗ್ರಾಂ. ಅದಕ್ಕೂ ಮುಂಚೆ ಸರ ಒಂದೊಂದು ಸಾಲು ಗಟ್ಟಿಯಾಗಿ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಹೊಸದು ಬಂದಮೇಲೆ ಅರ್ಧ ದಿನದ ಕೆಲಸ ಚಹಾ ಆರುವುದರೊಳಗೆ ಮುಗಿಯತೊಡಗಿತು. ಸರ ಬೇಡ ಅನ್ನಲಿಲ್ಲ. ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಂದು ನೋಡಿ, "ಭಾರಿ ಜೋರ್ ಓದತೈತಿ ಬಿಡು" ಎಂದರು. ಆಮೇಲೆ ಒಂದು ಮಾತು ಸೇರಿಸಿದರು: "ತಿಳಕೊಂಡ ಓದತೈತೋ ಇಲ್ಲೋ, ಅದನ್ನ ನೀ ನೋಡಬೇಕವ್ವಾ."

ನಾನು ನಕ್ಕುಬಿಟ್ಟೆ. ಮುದುಕರ ಮಾತು ಅನಿಸಿತ್ತು.

ಬಬಲೇಶ್ವರದ ರೊಟ್ಟಿ ಅಕ್ಕಾರು ನಮಗೆ ಪರಿಚಯವಾದದ್ದು ಆ ವರ್ಷವೇ. ನಲವತ್ತೈದರ ಆಸುಪಾಸು, ಎತ್ತರದ ಆಳು, ದನಿಯೂ ಎತ್ತರ. ಅವರು ಮತ್ತು ಇನ್ನೂ ಐದು ಮಂದಿ ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡಿ ವಿಜಯಪುರದ ಅಂಗಡಿ, ಖಾನಾವಳಿಗಳಿಗೆ ಹಾಕುತ್ತಿದ್ದರು. ಬಂದ ದುಡ್ಡೆಲ್ಲ ಊರಿನ ಪತ್ತಿನ ಸಂಘದಲ್ಲಿ ಅಕ್ಕಾರ ಹೆಸರಿನ ಖಾತೆಗೆ. ಜೋಳ, ಗ್ಯಾಸು, ಬಸ್ಸಿನ ಖರ್ಚು ಅದರಿಂದಲೇ. ಉಳಿದದ್ದನ್ನು ವಾರಕ್ಕೊಮ್ಮೆ ತೆಗೆದು ಆರು ಮಂದಿ ಸಮ ಹಂಚಿಕೊಳ್ಳುವುದು. ಹಿಟ್ಟು ನಾದುವ ಮಷೀನು ಕೊಳ್ಳಲು ಬ್ಯಾಂಕಿನ ಸಾಲ ಕೇಳಿದ್ದರು. ಬ್ಯಾಂಕಿನವರು, ವರ್ಷದಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬುದರ ಒಂದು ಹಾಳೆ ಬರೆಸಿಕೊಂಡು ಬನ್ನಿ ಎಂದಿದ್ದರು.

ಅಕ್ಕಾರು ಮೊದಲ ಸಲ ಬಂದಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಮೇಜಿನ ಮೇಲಿಟ್ಟರು. "ಫೀ ಅಲ್ಲರಿ ಇದು, ಫೀ ಬ್ಯಾರೆ ಕೊಡತೀನಿ" ಎಂದರು. ಆ ರೊಟ್ಟಿ ಮುರಿದರೆ ಕಾಗದ ಹರಿದಂಥ ಸಪ್ಪಳ ಬರುತ್ತಿತ್ತು. ಮಧ್ಯಾಹ್ನ ಸರ ಮತ್ತು ನಾನು ಮಾತಿಲ್ಲದೆ ಎರಡೆರಡು ತಿಂದೆವು. ಅಂಥ ಮಧ್ಯಾಹ್ನಗಳು ಈಗ ನೆನಪಾದರೆ ಹಸಿವೇ ಆಗುತ್ತದೆ.

ಸಂಘದ ಸ್ಟೇಟ್‌ಮೆಂಟು ನಾಲ್ಕು ಪುಟ. ಅಕ್ಕಾರು ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸಾಪಿಗೆ ಕಳಿಸಿದರು. ಆ ದಿನ ಸರ ಸೊಲ್ಲಾಪುರದಲ್ಲಿದ್ದ ಮಗಳ ಮನೆಗೆ ಹೋಗಿದ್ದರು, ವಾರ ಕಳೆದು ಬರುವವರಿದ್ದರು. ನಾನು ಒಬ್ಬಳೇ. ನಾಲ್ಕೂ ಫೋಟೊ ಪ್ರೋಗ್ರಾಮಿಗೆ ಹಾಕಿದೆ. ಕೋಷ್ಟಕ ಬಂತು. ಡೆಬಿಟ್ ಕಾಲಮ್ ಪೂರಾ ಖಾಲಿ, ಅಂಕಿಯೆಲ್ಲ ಕ್ರೆಡಿಟ್ಟಿನಲ್ಲಿ. ಅದನ್ನು ನಾನು ನೋಡಿದೆ, ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ಸಂಘದವರು ಜಮೆಯ ಪಟ್ಟಿ ಮಾತ್ರ ಕೊಟ್ಟಿರಬೇಕು ಅಂದುಕೊಂಡೆ. ಕೊನೆಯಲ್ಲಿ 'ಒಟ್ಟು' ಎಂದಿದ್ದ ಸಾಲನ್ನು ಅಳಿಸಿ, ಉಳಿದದ್ದನ್ನು ಕೂಡಿಸಿದೆ. ಒಂಬತ್ತು ಲಕ್ಷ ಎಪ್ಪತ್ತೆರಡು ಸಾವಿರದ ಆರುನೂರು. 'ವರ್ಷದ ಜಮಾ' ಎಂದು ಬರೆದು ಅಕ್ಕಾರಿಗೆ ಕಳಿಸಿಬಿಟ್ಟೆ. ಖರ್ಚಿನ ಪಟ್ಟಿ ಸಂಘದಿಂದ ತರಿಸಿ ಎಂದು ಕೆಳಗೆ ಒಂದು ಸಾಲು ಸೇರಿಸಿದೆ. ಐದೂವರೆಯ ಬಸ್ಸಿಗೆ ಹೊರಡುವ ಅವಸರವೂ ಇತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಫೋನು. ಅಕ್ಕಾರ ದನಿ ಅವರದಲ್ಲ ಅನ್ನುವಷ್ಟು ಸಣ್ಣಗಾಗಿತ್ತು.

"ತಂಗಿ, ನೀ ಏನ್ ಬರದು ಕಳಿಸೀದಿ?"

"ಯಾಕ್ರಿ ಅಕ್ಕಾರ?"

"ಮೂರು ದಿನ ಆತು, ಒಲಿ ಹಚ್ಚಿಲ್ಲ. ಯಾರೂ ಬರವಲ್ಲರು. ಒಂಬತ್ತ ಲಕ್ಷ ಬಂದೈತಿ ಅಂತ ನಿನ್ನ ಹಾಳಿ ಹೇಳತೈತಿ. ನಮಗ ಎಷ್ಟ ಕೊಟ್ಟಿ, ಉಳಿದದ್ದು ಎಲ್ಲಿ ಇಟ್ಟಿ ಅಂತ ಕೇಳಾಕತ್ತಾರ. ನಾ ಏನ್ ಹೇಳಲಿ?"

ಆದದ್ದು ಇಷ್ಟು. ಹಾಳೆ ಬಂದ ಖುಷಿಗೆ ಅಕ್ಕಾರೇ ಅದನ್ನು ಎಲ್ಲರ ಮುಂದೆ ಓದಿಸಿದ್ದರು. ಓದಿದ್ದು ಅವರ ಪೈಕಿ ಒಬ್ಬಾಕೆಯ ಸೊಸೆ. ಮೊತ್ತ ಕೇಳಿದೊಡನೆ ಎಲ್ಲರಿಗಿಂತ ಹಿರಿಯಳಾದ ಆಯಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಎದ್ದು ಹೋಗಿದ್ದಳು. ಅಕ್ಕಾರಿಗೆ ರೊಟ್ಟಿ ಬಡಿಯಲು ಕಲಿಸಿದ್ದೇ ಆ ಆಯಿ. ಅವಳ ಹಿಂದೆ ಉಳಿದವರೂ ಹೋದರು.

ಫೋಟೊಗಳನ್ನು ತೆರೆದು ಮೊದಲ ಸಲ ಕಣ್ಣಿಟ್ಟು ನೋಡಿದೆ. ಎಲ್ಲೋ ಏನೋ ಕೆಟ್ಟಿದೆ ಎಂದು ತಿಳಿಯಿತು, ಆದರೆ ಸಾಲುಗಳು ನನಗೂ ಕಲಸಿಕೊಂಡೇ ಕಂಡವು. ಸರ ಅವರಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. "ನಾಳೆ ಬರತೀನಿ. ಅಲ್ಲಿತನಾ ಏನೂ ಅಳಿಸಬ್ಯಾಡ" ಎಂದರು. ಮರುದಿನ ಮೊದಲ ಬಸ್ಸಿಗೇ ಬಂದಿದ್ದರು. ಬ್ಯಾಗು ಕೈಯಲ್ಲೇ ಇತ್ತು.

ಫೋಟೊಗಳ ಪ್ರಿಂಟು ತೆಗೆಸಿ ಮೇಜಿನ ಮೇಲೆ ಹರಡಿದರು. ಒಂದು ನಿಮಿಷವೂ ಆಗಿರಲಿಲ್ಲ.

"ನಿನ್ನ ಮೊತ್ತ ಎಷ್ಟು?"

"ಒಂಬತ್ತು ಲಕ್ಷ ಎಪ್ಪತ್ತೆರಡು ಸಾವಿರದ ಆರುನೂರು ರೀ."

"ಅದನ್ನ ಅರ್ಧಾ ಮಾಡು."

"ನಾಲ್ಕು ಲಕ್ಷ ಎಂಬತ್ತಾರು ಸಾವಿರದ ಮುನ್ನೂರು."

ಸರ ಕೊನೆಯ ಪುಟದ ಬುಡಕ್ಕೆ ಬೆರಳಿಟ್ಟರು. ಅಲ್ಲಿ 'ಒಟ್ಟು' ಎಂದು ಎರಡು ಸಲ ಇತ್ತು, ಎಡಕ್ಕೊಂದು, ಬಲಕ್ಕೊಂದು. ಎರಡರ ಮುಂದೆಯೂ ಅದೇ ಅಂಕಿ: 4,86,300.

"ಇದು ಒಂದು ಪಟ್ಟಿ ಅಲ್ಲವ್ವಾ, ಮಗ್ಗಲಾ ಮಗ್ಗಲಾ ಕುಂತ ಎರಡು ಪಟ್ಟಿ. ಎಡಗಡೆ ಜಮಾ, ಬಂದದ್ದು. ಬಲಗಡೆ ನಾವೆ, ಹೋದದ್ದು. ನಮ್ಮ ಹಳೆ ಪದ್ಧತಿ. ಒಂದಕ್ಕೊಂದು ಸಂಬಂಧ ಇಲ್ಲ. ನಿನ್ನ ಮಷೀನು ಎಡಗಡೆ ತುದಿಯಿಂದ ಬಲಗಡೆ ತುದಿತನಾ ಒಂದೇ ಸಾಲು ಅಂತ ಓದಿಬಿಟ್ಟೈತಿ."

ಆಗ ಎಲ್ಲ ಬಿಚ್ಚಿಕೊಂಡಿತು. ಎಡಗಡೆ 'ಏಪ್ರಿಲ್ 3, ಅಂಗಡಿಯಿಂದ, 3,600' ಎಂದಿತ್ತು. ಅದೇ ಎತ್ತರದಲ್ಲಿ ಬಲಗಡೆ 'ಏಪ್ರಿಲ್ 6, ಜೋಳಕ್ಕೆ, 2,850' ಎಂದಿತ್ತು. ನಡುವೆ ಗೆರೆ ಇರಲಿಲ್ಲ, ಒಂದಿಷ್ಟು ಖಾಲಿ ಜಾಗ ಮಾತ್ರ. ಪ್ರೋಗ್ರಾಮು ಎರಡನ್ನೂ ಹೊಲಿದು, ಎರಡನೆಯ ತಾರೀಖನ್ನು ವಿವರದೊಳಗೆ ನುಂಗಿಸಿ, ಎರಡೂ ಅಂಕಿಗಳನ್ನು ಜಮೆಗೆ ಹಾಕಿತ್ತು. ಪುಟದ ಮೇಲೆ ಎಡಕ್ಕಿದ್ದ 'ಜಮಾ' ಎಂಬ ತಲೆಬರಹ ಅದಕ್ಕೆ ಕಂಡಿತ್ತು. ಬಲಕ್ಕಿದ್ದ 'ನಾವೆ' ಸಂಘದ ಪ್ರಿಂಟರಿನ ರಿಬ್ಬನ್ನಿನ ಮಸಿ ತೀರಿ ಮಸುಕಾಗಿದ್ದರಿಂದ ಕಂಡಿರಲಿಲ್ಲ.

"ಎರಡೂ ಕಡೆ ಒಟ್ಟು ಸಮ ಯಾಕ ಬಂತು ಹೇಳು ನೋಡೂಣು" ಎಂದರು ಸರ.

ನಾನು ಹುಡುಕಿದೆ. ಎಡಗಡೆಯ ಮೊದಲ ಸಾಲು 'ಆರಂಭ ಶಿಲ್ಕು 11,300', ಅಂದರೆ ಹೋದ ವರ್ಷದಿಂದ ಉಳಿದದ್ದು. ಬಲಗಡೆಯ ಕಡೆಯ ಸಾಲು 'ಅಖೈರು ಶಿಲ್ಕು 17,400', ವರ್ಷದ ಕೊನೆಗೆ ಖಾತೆಯಲ್ಲಿ ಉಳಿದದ್ದು. ಎರಡು ತಟ್ಟೆ ಸರಿದೂಗಲಿ ಎಂದು ಇಟ್ಟದ್ದು ಅದು. ಮೊದಲನೆಯದು ಈ ವರ್ಷ ಬಂದ ಹಣವಲ್ಲ, ಎರಡನೆಯದು ತೆಗೆದ ಹಣವಲ್ಲ. ನಾನು ಅವನ್ನೂ ಗುಡ್ಡೆಗೆ ಸೇರಿಸಿದ್ದೆ.

ಸರಿಪಡಿಸುವ ಕೆಲಸ ನನ್ನದೇ ಆಗಬೇಕು ಎಂದು ಸರ ತಮ್ಮ ಕುರ್ಚಿಗೆ ಹೋದರು. ಒಂದೊಂದು ಫೋಟೊವನ್ನೂ ನಡುವಿನ ಖಾಲಿ ಜಾಗದಲ್ಲಿ ಉದ್ದುದ್ದ ಕತ್ತರಿಸಿ ಎರಡು ಚಿತ್ರ ಮಾಡಿದೆ. ಎಡದ ನಾಲ್ಕನ್ನು ಮೊದಲು ಓದಿಸಿ ಜಮಾ ಎಂದು, ಬಲದ ನಾಲ್ಕನ್ನು ಬೇರೆಯಾಗಿ ಓದಿಸಿ ನಾವೆ ಎಂದು ನಾನೇ ಗುರುತು ಹಾಕಿದೆ. ಶಿಲ್ಕಿನ ಎರಡು ಸಾಲು ಬೇರೆ ಇಟ್ಟೆ. ಆಮೇಲೆ ಎರಡನ್ನೂ ತಾರೀಖಿನ ಪ್ರಕಾರ ಒಂದೇ ಪಟ್ಟಿಯಲ್ಲಿ ಬೆರೆಸಿದೆ. ಆರಂಭದ 11,300ಕ್ಕೆ ಜಮೆ ಕೂಡಿಸುತ್ತ, ನಾವೆ ಕಳೆಯುತ್ತ ಕೊನೆಗೆ ಬಂದರೆ 17,400 ಸಿಗಬೇಕು.

13,620 ಸಿಕ್ಕಿತು.

ನನಗೆ ಅಳುವೇ ಬಂದಂತಾಯಿತು. "ಮತ್ತ ತಪ್ಪೇತ್ರಿ ಸರ."

"ಎಷ್ಟು ಕಡಿಮಿ?"

"ಮೂರು ಸಾವಿರದ ಏಳುನೂರಾ ಎಂಬತ್ತು."

ಸರ ಕಣ್ಣು ಮುಚ್ಚಿಕೊಂಡರು. ಅವರು ಲೆಕ್ಕ ಮಾಡುವಾಗ ಹಾಗೆಯೇ. "ಒಂಬತ್ತರಿಂದ ಭಾಗಿಸು."

"ನಾಲ್ಕುನೂರಾ ಇಪ್ಪತ್ತು. ಪೂರಾ ಹೋಗತೈತ್ರಿ."

"ಹಂಗಾದ್ರ ಎಲ್ಲೋ ಒಂದು ಸೊನ್ನಿ ಬಿದ್ದುಹೋಗಿರಬೇಕು. ಸೊನ್ನಿ ಬಿದ್ರ ಹತ್ತರಾಗ ಒಂಬತ್ತು ಪಾಲು ಹೋಗತೈತಿ. ನಾಲ್ಕ ಸಾವಿರದ ಎರಡನೂರು ಇದ್ದದ್ದು ನಾಲ್ಕನೂರಾ ಇಪ್ಪತ್ತು ಆಗೇತೇನು, ಜಮಾದಾಗ ಹುಡುಕು."

ಮೂರನೆಯ ಪುಟದ ಎಡಭಾಗದ ಕಡೆಯ ಸಾಲಿನಲ್ಲಿ ಇತ್ತು. ಆ ಫೋಟೊ ಒಂದಿಷ್ಟು ವಾಲಿಕೊಂಡಿತ್ತು. ಅಕ್ಕಾರು ಮೊಬೈಲು ಹಿಡಿದ ಕೈ ಓರೆಯಾಗಿರಬೇಕು. ನಾನು ನೆಟ್ಟಗೆ ಕತ್ತರಿಸಿದ್ದರಿಂದ, ಪುಟದ ಬುಡಕ್ಕೆ ಬರುವಷ್ಟರಲ್ಲಿ ಕತ್ತರಿ ಅಂಕಿಯ ಕೊನೆಯ ಸೊನ್ನೆಯ ಮೇಲೆ ಹಾದಿತ್ತು. ಆ ಸೊನ್ನೆ ಬಲಭಾಗದ ಚಿತ್ರದ ಅಂಚಿನಲ್ಲಿ, ಬೇರೆ ಯಾರದೋ ತಾರೀಖಿನ ಮುಂದೆ ಒಂಟಿಯಾಗಿ ನಿಂತಿತ್ತು. ಫೋಟೊವನ್ನು ಮೊದಲು ನೆಟ್ಟಗೆ ತಿರುಗಿಸಿ, ಆಮೇಲೆ ಕತ್ತರಿಸಿ, ಮತ್ತೆ ಓದಿಸಿದೆ. 17,400 ಬಂತು. ವರ್ಷದ ಜಮಾ 4,75,000, ನಾವೆ 4,68,900. ಎರಡಕ್ಕೂ ಶಿಲ್ಕು ಸೇರಿಸಿದರೆ ಎರಡೂ ಕಡೆ 4,86,300.

"ಹಾಳಿ ಕಳಿಸಿಬಿಡ್ಲೇನ್ರಿ?" ಎಂದು ಕೇಳಿದೆ.

ಸರ ಬೇಡವೆಂದು ತಲೆಯಾಡಿಸಿದರು. "ಹಾಳಿಯಿಂದ ಕೆಟ್ಟದ್ದು ಹಾಳಿಯಿಂದ ಸರಿ ಹೋಗೂದಿಲ್ಲ. ನೀ ಹೋಗಿ ಬಾ. ನಾ ಬರೂದಿಲ್ಲ. ನಾ ಬಂದ್ರ ದೊಡ್ಡ ಮನಷ್ಯಾ ಹೇಳಿದಾ ಅಂತ ಸುಮ್ಮನ ತಲಿ ಅಲ್ಲಾಡಸ್ತಾರ. ನೀ ಹೇಳು. ತಿಳೀಲಿಲ್ಲ ಅಂದ್ರ ಅವರು ನಿನ್ನ ಕೇಳತಾರ."

ಬಬಲೇಶ್ವರದ ಬಸ್ಸಿನಲ್ಲಿ ಮಮದಾಪುರಕ್ಕೆ ಹೋಗುವ ಒಬ್ಬ ಅಜ್ಜ ನನ್ನ ಪಕ್ಕ ಕೂತು ಕೆರೆಯ ನೀರಿನ ಸುದ್ದಿ ಹೇಳುತ್ತಲೇ ಇದ್ದ. ನಾನು ಹೂಂಗುಟ್ಟುತ್ತ ಬಾಯೊಳಗೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಅಕ್ಕಾರ ಮನೆಯ ಹಿಂದಿನ ತಗಡಿನ ಪತ್ರಾಸಿನ ಚಪ್ಪರದ ಕೆಳಗೆ ಆರು ಒಲೆ ತಣ್ಣಗೆ ಬಿದ್ದಿದ್ದವು. ಐದೂ ಮಂದಿಯನ್ನು ಕರೆಸಲು ಅಕ್ಕಾರ ಮಗಳು ಮನೆಮನೆಗೆ ಹೋದಳು. ಆಯಿ ಎಲ್ಲರಿಗಿಂತ ಕಡೆಗೆ ಬಂದಳು. ಒಳಗೆ ಬರದೆ ಕಂಬಕ್ಕೊರಗಿ ನಿಂತಳು.

ನಾನು ಮೊದಲು ಹೇಳಿದ ಮಾತು, "ತಪ್ಪು ನಂದು. ಅಕ್ಕಾರದಲ್ಲ."

ನಾನು ಸಂಘದ ಅಸಲಿ ಕಾಗದ ಕೇಳಿ ತೆಗೆದುಕೊಂಡು, ಒಂದು ಪುಟವನ್ನು ನಟ್ಟನಡುವೆ ಉದ್ದಕ್ಕೆ ಮಡಚಿದೆ. "ಇದು ಎಡಗಡೆ. ನಿಮ್ಮ ರೊಟ್ಟಿ ಮಾರಿ ಬಂದದ್ದು. ಇದು ಬಲಗಡೆ. ಖಾತೆದಿಂದ ತೆಗೆದದ್ದು. ನಾ ಎರಡೂ ಕೂಡಿಸಿ, ಬಂದದ್ದು ಅಂತ ಬರದೆ. ಅದಕ್ಕ ಲೆಕ್ಕ ಡಬಲ್ ಆತು."

"ನಮಗ ಓದಾಕ ಬರೂದಿಲ್ಲ" ಎಂದಳು ಆಯಿ ನಿಂತಲ್ಲಿಂದಲೇ. "ನೀ ಅವತ್ತೊಂದು ಬರದಿ, ಇವತ್ತೊಂದು ಓದತಿ. ಯಾವುದನ್ನ ನಂಬೂದು?"

ನಾನು ಏನು ಮಾಡುವುದೆಂದು ತಿಳಿಯದೆ ಬಲಗಡೆಯ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದೆ. ತಾರೀಖು, ಯಾತಕ್ಕೆ, ಎಷ್ಟು. ನಾಲ್ಕನೆಯ ಸಾಲೋ ಐದನೆಯದೋ, ಜೋಳಕ್ಕೆ ತೆಗೆದದ್ದು ಬಂದಾಗ ಒಬ್ಬಾಕೆ ತಡೆದಳು.

"ತಡಿ, ಅದು ಯುಗಾದಿ ಆದಮ್ಯಾಲಿನ ಸಂತಿ ಅಲ್ಲೇನು? ಎರಡು ಚೀಲ ತಂದಿದ್ವಿ. ಒಂದರಾಗ ಹುಳಾ ಇದ್ದವು."

"ಹೌದಲ್ಲೇ" ಎಂದಳು ಇನ್ನೊಬ್ಬಳು. "ಹಸನ ಮಾಡಿ ಮಾಡಿ ನನ್ನ ಸೊಂಟಾ ಹೋಗಿತ್ತು."

ಮುಂದಿನ ಸಾಲು ಹಂಚಿಕೊಳ್ಳಲು ತೆಗೆದದ್ದು, ಆರು ಸಾವಿರ. ಆರು ಮಂದಿಗೆ ಒಂದೊಂದು ಸಾವಿರ. ಆ ವಾರದ ಸಾವಿರದಲ್ಲಿ ಒಬ್ಬಾಕೆ ಮಗಳಿಗೆ ಶಾಲೆಯ ಬೂಟು ಕೊಡಿಸಿದ್ದಳು. ಇನ್ನೊಬ್ಬಾಕೆ ಹಲ್ಲು ಕೀಳಿಸಿಕೊಂಡಿದ್ದಳು. ನಾನು ಓದುತ್ತ ಹೋದೆ, ಅವರು ತಾರೀಖಿಗೊಂದು ನೆನಪು ತೆಗೆಯುತ್ತ ಹೋದರು. ಕಾಗದದ ಮೇಲೆ ಒಣಗಿ ಕೂತಿದ್ದ ನಾವೆಯ ಕಡೆ ಮಳೆಯಲ್ಲಿ ಕೆಟ್ಟ ಬಸ್ಸು, ತೀರಿದ ಗ್ಯಾಸು, ಖಾನಾವಳಿಯವನು ವಾಪಸು ಕಳಿಸಿದ ಮುರಿದ ರೊಟ್ಟಿ ಎಲ್ಲ ಎದ್ದು ಬಂದವು. ಅಕ್ಕಾರು ಸೆರಗಿನ ತುದಿ ಹಿಂಡುತ್ತ ಕೂತಿದ್ದರು.

ಎರಡನೆಯ ಪುಟದ ನಡುವೆ ಎಲ್ಲೋ ಆಯಿ ಕಂಬ ಬಿಟ್ಟು ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತಳು. "ನನ್ನ ಕಣ್ಣಿನ ಆಪರೇಶನ್ನಿಗೆ ತಗದದ್ದು ಐತೇನು ನೋಡು. ದಸರಾದ ಮುಂದ. ಆಕಿ ತನ್ನ ಪಾಲಿಂದೂ ನನಗ ಕೊಟ್ಟಿದ್ದಳು" ಎಂದು ಅಕ್ಕಾರ ಕಡೆ ಕೈ ಮಾಡಿದಳು.

ಇತ್ತು. ನಾನು ಓದಿದೆ. ಆಯಿ ಅಕ್ಕಾರ ಕಡೆ ತಿರುಗಿ ಹೇಳಿದಳು: "ನಾ ಕೇಳಿದ್ದು ತಪ್ಪಲ್ಲ, ಬೇ. ಎದ್ದು ಹೋದದ್ದು ತಪ್ಪು."

"ಹೌದು ಆಯಿ" ಎಂದರು ಅಕ್ಕಾರು. "ಕೇಳಬೇಕು ನೀ. ನಾನ ಎಂದೂ ಓದಿ ತೋರಿಸಲಿಲ್ಲ."

ಅಷ್ಟೇ. ಅಪ್ಪಿಕೊಳ್ಳುವುದು, ಅಳುವುದು ಏನೂ ಆಗಲಿಲ್ಲ. ಯಾರೋ ಒಲೆ ಹಚ್ಚಿದರು. ಅವತ್ತು ನಾನು ತಿಂದ ಬಿಸಿ ರೊಟ್ಟಿ, ಪುಂಡಿಪಲ್ಯ, ಅದರ ಮೇಲೆ ಸುರಿದ ಹಸಿ ಎಣ್ಣೆ ಇನ್ನೂ ನಾಲಿಗೆಯ ಮೇಲಿದೆ. ಐವರಲ್ಲಿ ಒಬ್ಬಳು ಮಾತ್ರ ಮತ್ತೆ ಕೆಲಸಕ್ಕೆ ಬರಲಿಲ್ಲ. ನಡೆದದ್ದು ಅವಳ ಮನಸ್ಸಿನಿಂದ ಹೋಗಲಿಲ್ಲವೋ, ಬೇರೆ ಕಾರಣವಿತ್ತೋ ನನಗೆ ಗೊತ್ತಾಗಲಿಲ್ಲ. ಆ ಒಂದು ಜಾಗ ನನ್ನಿಂದಲೇ ಖಾಲಿಯಾಯಿತು ಎಂಬ ಚುಚ್ಚು ಈಗಲೂ ಇದೆ.

ಸರಿಯಾದ ಹಾಳೆ ನೋಡಿ ಬ್ಯಾಂಕಿನವರು ಕೇಳಿದ್ದಕ್ಕಿಂತ ಕಡಿಮೆ ಸಾಲ ಕೊಟ್ಟರು. ಸಣ್ಣ ಮಷೀನು ಬಂತು. ತಿಂಗಳ ಮೊದಲ ಸೋಮವಾರ ಸಂಘದ ಕಾಗದ ತರಿಸಿ, ಎರಡೂ ಕಡೆ ಎಲ್ಲರ ಮುಂದೆ ಓದಿಸುವ ರೂಢಿಯೂ ಆಯಿತು. ಮೊದಲ ಕೆಲವು ತಿಂಗಳು ನಾನೇ ಹೋಗಿ ಓದಿದೆ. ಸರ ಬಸ್ಸಿನ ಚಾರ್ಜು ಕೊಡುತ್ತಿದ್ದರು. ತಿರುಗಿ ಬಂದರೆ ಅಂಕಿಗಳನ್ನು ಕೇಳುತ್ತಿರಲಿಲ್ಲ. "ಇವತ್ತ ಏನೇನ ನೆನಪು ತಗದ್ರು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಕೆಳಗಿನ ಅಂಗಡಿಯಲ್ಲಿ ಎಲ್ಲ ಗಡಿಯಾರಗಳೂ ಒಂದೊಂದು ಹೊತ್ತು ತೋರಿಸುತ್ತಿದ್ದವು.

ಸರ ಆಫೀಸು ಮುಚ್ಚಿ ಸೊಲ್ಲಾಪುರಕ್ಕೆ ಹೋದಮೇಲೆ ಸ್ಟೇಷನ್ ರಸ್ತೆಯ ಆ ಕೋಣೆಗಳಲ್ಲಿ ಮೊಬೈಲ್ ಕವರಿನ ಅಂಗಡಿ ಬಂದಿದೆ. ನಾನು ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಕೋಣೆ ಹಿಡಿದು ಅದೇ ಕೆಲಸ ಮಾಡುತ್ತಿದ್ದೇನೆ. ಪ್ರೋಗ್ರಾಮುಗಳು ಈಗ ಬಹಳ ಜಾಣವಾಗಿವೆ, ಎಷ್ಟೋ ಸಲ ಎರಡು ಪಟ್ಟಿ ಎಂದು ತಾವೇ ತಿಳಿದುಕೊಳ್ಳುತ್ತವೆ. ಆದರೂ ಫೋಟೊ ತೆರೆದು, ನಡುವಿನ ಖಾಲಿ ಜಾಗ ಎಲ್ಲಿದೆ ಎಂದು ನೋಡದೆ, ಕೊನೆಯ ಶಿಲ್ಕು ತಾಳೆ ಹಾಕದೆ ನಾನು ಯಾವ ಹಾಳೆಯನ್ನೂ ಹೊರಗೆ ಬಿಡುವುದಿಲ್ಲ.

ಹೋದ ತಿಂಗಳು ಆಯಿ ಬಂದಿದ್ದಳು. ಮೊಮ್ಮಗಳನ್ನು ಕಾಲೇಜಿಗೆ ಸೇರಿಸಲು ವಿಜಯಪುರಕ್ಕೆ ಬಂದವಳು, ಹಾಗೇ ನನ್ನ ಕೋಣೆ ಹುಡುಕಿಕೊಂಡು ಬಂದಳು. ಈಗ ಅವಳದೇ ಒಂದು ಖಾತೆ ಇದೆ. ಸಂಘದ ಕಾಗದವನ್ನು ಸೆರಗಿನಿಂದ ತೆಗೆದು ಕೊಟ್ಟು, ಚಪ್ಪಲಿ ಬಿಚ್ಚಿ, ಕುರ್ಚಿ ಬೇಡವೆಂದು ನೆಲದ ಮೇಲೆ ಆರಾಮಾಗಿ ಕೂತಳು.

"ಓದು" ಎಂದಳು. "ಸಾವಕಾಶ ಓದು. ನನ್ನ ಬಸ್ಸು ಇನ್ನೂ ತಡಾ ಐತಿ."